ಲೋಲಕ ಪ್ರಯೋಗದ ವರದಿಯಲ್ಲಿ ಸಾರ್ಥಕ ಅಂಕಿಗಳ ಪರಿಶೀಲನೆ

ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವ ಪ್ರಯೋಗದಲ್ಲಿ ವಿದ್ಯಾರ್ಥಿಯು ಅಳೆಯುವುದು ಎರಡನ್ನು ಮಾತ್ರ: ಲೋಲಕದ ಉದ್ದ ಮತ್ತು ಆಂದೋಲನಗಳ ಕಾಲ. ಉಳಿದುದೆಲ್ಲ ಲೆಕ್ಕ. ಆದುದರಿಂದ ವರದಿಯ ಪರಿಶೀಲನೆಯು ಕೊನೆಯ ಉತ್ತರದಿಂದಲ್ಲ, ಈ ಎರಡು ಅಳತೆಗಳಿಂದ ಆರಂಭವಾಗಬೇಕು.

ಒಂದು ವರದಿಯಲ್ಲಿ ಉದ್ದ 80.0 ಸೆಂ.ಮೀ., 20 ಆಂದೋಲನಗಳ ಕಾಲ 35.9 ಸೆಕೆಂಡು ಎಂದಿರಲಿ. ಮೀಟರ್ ಅಳತೆಪಟ್ಟಿಯಲ್ಲಿ ಮಿಲಿಮೀಟರ್ ಗೆರೆಗಳಿವೆ, ಗಡಿಯಾರವು ಸೆಕೆಂಡಿನ ಹತ್ತನೆಯ ಒಂದು ಭಾಗವನ್ನು ತೋರಿಸುತ್ತದೆ. ಎರಡು ಅಳತೆಗಳಲ್ಲಿಯೂ ಮೂರು ಸಾರ್ಥಕ ಅಂಕಿಗಳಿರುವುದು ಸರಿಯೇ. 80.0 ಸೆಂ.ಮೀ. ಎಂಬುದನ್ನು ಮೀಟರಿಗೆ ಪರಿವರ್ತಿಸುವಾಗ 0.800 ಎಂದೇ ಬರೆಯಬೇಕು. 0.8 ಎಂದು ಬರೆದರೆ ಬೆಲೆ ಬದಲಾಗದು, ಆದರೆ ಅಳತೆಯ ಸೂಕ್ಷ್ಮತೆ ಕಾಗದದ ಮೇಲೆ ಕಳೆದುಹೋಗುತ್ತದೆ. 20 ಎಂಬುದು ಎಣಿಸಿದ ಸಂಖ್ಯೆ. ಅದು ನಿಖರವಾದುದು, ಸಾರ್ಥಕ ಅಂಕಿಗಳನ್ನು ಕಡಿಮೆ ಮಾಡುವುದಿಲ್ಲ.

35.9 ಅನ್ನು 20ರಿಂದ ಭಾಗಿಸಿದಾಗ ಆವರ್ತ ಕಾಲ 1.795 ಸೆಕೆಂಡು. ಹೆಚ್ಚಿನ ತಪ್ಪುಗಳು ಹುಟ್ಟುವುದು ಇಲ್ಲಿಯೇ. ಮೂರು ಅಂಕಿಗಳಲ್ಲಿ ಹೇಳುವುದಾದರೆ ಅದು 1.80, ಕೊನೆಯ ಸೊನ್ನೆಯನ್ನು ಬಿಡುವಂತಿಲ್ಲ. ಆದರೆ ಮುಂದಿನ ಲೆಕ್ಕಕ್ಕೆ 1.795 ಅನ್ನೇ ಒಯ್ಯಬೇಕು. ಕಾರಣವಿಷ್ಟೆ: g = 4π²L/T² ಸೂತ್ರದಲ್ಲಿ T ವರ್ಗವಾಗುವುದರಿಂದ ಅದರಲ್ಲಿನ ಶೇಕಡಾ ವ್ಯತ್ಯಾಸ ಉತ್ತರದಲ್ಲಿ ಇಮ್ಮಡಿಯಾಗುತ್ತದೆ. 1.795 ಅನ್ನು ಉಳಿಸಿಕೊಂಡರೆ ಗಣಕಯಂತ್ರವು 9.8021381 ಎಂದು ತೋರಿಸುತ್ತದೆ. ಮೂರು ಅಂಕಿಗಳಿಗೆ ತಂದರೆ 9.80 ಮೀ/ಸೆ². T ಅನ್ನು 1.8 ಎಂದು ತೆಗೆದುಕೊಂಡ ವಿದ್ಯಾರ್ಥಿಗೆ 9.75 ಬರುತ್ತದೆ. ಅವನೇ T² ಅನ್ನು 3.24ರಿಂದ 3.2ಕ್ಕೆ ಇಳಿಸಿದರೆ 9.87! ಅಳತೆ ಒಂದೇ, ಉತ್ತರ ಮೂರು. 9.75 ಅಥವಾ 9.87 ಬರೆದ ವಿದ್ಯಾರ್ಥಿಯ ಪ್ರಯೋಗವನ್ನು ದೂಷಿಸುವುದು ಅನ್ಯಾಯ; ಅಂಕ ಕಳೆಯಬೇಕಾದುದು ಲೆಕ್ಕದ ನಡುವೆ ಅಂಕಿಗಳನ್ನು ಕತ್ತರಿಸಿದುದಕ್ಕೆ.

ಪರಿಶೀಲಿಸುವ ವಿಧಾನ ಸರಳ. ಶಿಕ್ಷಕರು ಕೋಷ್ಟಕದಲ್ಲಿ ಬರೆದ ಬೆಲೆಯನ್ನೇ ಸೂತ್ರದಲ್ಲಿಟ್ಟು ಮತ್ತೊಮ್ಮೆ ಲೆಕ್ಕ ಮಾಡಬೇಕು. ಕೋಷ್ಟಕದಲ್ಲಿ 1.8 ಎಂದಿದ್ದು ಉತ್ತರ ಮಾತ್ರ 9.80 ಆಗಿದ್ದರೆ ಎರಡು ಸಾಧ್ಯತೆಗಳಿವೆ. ವಿದ್ಯಾರ್ಥಿಯು ಪೂರ್ಣ ಬೆಲೆಯಿಂದ ಲೆಕ್ಕಮಾಡಿ ಕೋಷ್ಟಕದಲ್ಲಿ ಮೊಟಕಾಗಿ ಬರೆದಿರಬಹುದು, ಇಲ್ಲವೇ ಪಠ್ಯಪುಸ್ತಕದ ಬೆಲೆಯನ್ನು ನೋಡಿ ಬರೆದಿರಬಹುದು. ಕಚ್ಚಾ ಲೆಕ್ಕದ ಹಾಳೆಯನ್ನು ನೋಡದೆ ಎರಡನೆಯದನ್ನು ಊಹಿಸಬಾರದು. π ಅನ್ನು 3.14 ಎಂದು ಹಿಡಿದವರಿಗೆ 9.79 ಬರುತ್ತದೆ, ಇದು ನಕಲೂ ಅಲ್ಲ, ಅಳತೆಯ ತಪ್ಪೂ ಅಲ್ಲ. ತರಗತಿಗೆಲ್ಲ π ಬೆಲೆ ಒಂದೇ ಇರುವಂತೆ ಮೊದಲೇ ತಿಳಿಸುವುದು ಒಳ್ಳೆಯದು. ಹಲವು ಉದ್ದಗಳಿಗೆ ಸರಾಸರಿ ತೆಗೆಯುವಾಗಲೂ ಪ್ರತಿಯೊಂದು ಬೆಲೆಯಲ್ಲಿ ಒಂದು ಅಂಕಿಯನ್ನು ಹೆಚ್ಚಾಗಿ ಉಳಿಸಿಕೊಂಡು, ಕೊನೆಗೊಮ್ಮೆ ಮಾತ್ರ ಕಡಿತ ಮಾಡಬೇಕು.

ಈ ನಿಯಮಕ್ಕೂ ಒಂದು ಮಿತಿಯಿದೆ. ಗಡಿಯಾರವನ್ನು ಒತ್ತುವ ಬೆರಳು ಸುಮಾರು 0.2 ಸೆಕೆಂಡು ಹಿಂದೆ ಮುಂದೆ ಆಗಬಹುದು. 35.9ರಲ್ಲಿ 0.2 ವ್ಯತ್ಯಾಸವೆಂದರೆ ಉತ್ತರದಲ್ಲಿ ಸುಮಾರು 0.1 ವ್ಯತ್ಯಾಸ. ಹೀಗಾಗಿ 9.80ರ ಕೊನೆಯ ಸೊನ್ನೆಯನ್ನು ನಿಯಮ ಒಪ್ಪಿದರೂ ಅಳತೆ ಒಪ್ಪುವುದಿಲ್ಲ. ಮೇಲಿನ ತರಗತಿಯ ವಿದ್ಯಾರ್ಥಿಯು ಈ ಕಾರಣವನ್ನು ಬರೆದು 9.8 ಎಂದು ನಿಲ್ಲಿಸಿದರೆ ಅವನಿಗೆ ಪೂರ್ಣ ಅಂಕ ಸಲ್ಲಬೇಕು.