ಅಗೆದ ಮಣ್ಣು ಹಿಗ್ಗುತ್ತದೆ: ಚೆನ್ನೈನಲ್ಲಿ ಪೈಪ್‌ಲೈನ್ ಹಾಕುವವರಿಗೆ ಐದು ಸೂತ್ರ

ಚೆನ್ನೈನ ಗಲ್ಲಿಗಳಲ್ಲಿ ನೀರಿನ ಪೈಪಿಗಾಗಿ ಟ್ರೆಂಚ್ ತೋಡಿದಾಗ ಹೊರಬರುವ ಮಣ್ಣು ಗುಂಡಿಯ ಅಳತೆಗಿಂತ ಜಾಸ್ತಿಯೇ ಇರುತ್ತದೆ. ನೆಲದಲ್ಲಿ ಒತ್ತಿ ಕೂತಿದ್ದ ಮಣ್ಣು ಸಡಿಲಾದರೆ ಹೆಂಟೆಗಳ ನಡುವೆ ಗಾಳಿ ಸೇರುತ್ತದೆ. ತೂಕ ಅಷ್ಟೇ, ಜಾಗ ಮಾತ್ರ ಹೆಚ್ಚು. ಪಶ್ಚಿಮ ಮಾಂಬಲಂನಂಥ ಜೇಡಿಮಣ್ಣಿನ ಕಡೆ, 20 ಅಡಿ ಅಗಲದ ಗಲ್ಲಿಯಲ್ಲಿ 100 ಮೀಟರ್ ಉದ್ದ, 1 ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಟ್ರೆಂಚ್ ಎಂದು ಇಟ್ಟುಕೊಳ್ಳಿ. ಗುಂಡಿಯ ಅಳತೆ 150 ಘನ ಮೀಟರ್.

1. ಎಸ್ಟಿಮೇಟಿಗೆ ಮುಂಚೆ ಬಕೆಟ್ ಲೆಕ್ಕ ಮಾಡಿ.
ಡಾಂಬರಿನ ಪದರ ತೆಗೆದ ಮೇಲೆ ಉದ್ದ, ಅಗಲ, ಆಳ ಮೂರೂ 50 ಸೆಂಟಿಮೀಟರ್ ಇರುವ ಒಂದು ಗುಂಡಿ ಚೊಕ್ಕವಾಗಿ ತೋಡಿ. ಅದು 125 ಲೀಟರ್. ಬಂದ ಮಣ್ಣನ್ನು ಅದುಮದೆ 20 ಲೀಟರಿನ ಬಕೆಟಿನಲ್ಲಿ ಅಳೆಯಿರಿ. ಎಂಟು ಬಕೆಟ್ ತುಂಬಿದರೆ 160 ಲೀಟರ್, ಅಂದರೆ ಹಿಗ್ಗಿದ್ದು ಶೇ. 28. ಜೇಡಿಮಣ್ಣಿಗೆ ಸಾಮಾನ್ಯವಾಗಿ ಶೇ. 30ರ ಆಸುಪಾಸು ಸಿಗುತ್ತದೆ. ತಿರುವಾನ್ಮಿಯೂರು, ಬೆಸೆಂಟ್ ನಗರದ ಕಡಲ ಮರಳು ಶೇ. 10ರಿಂದ 15 ಹಿಗ್ಗಿದರೆ ಹೆಚ್ಚು. ಗಿಂಡಿ, ವೇಳಚೇರಿ ಕಡೆ ಬಂಡೆ ಸಿಕ್ಕರೆ ಶೇ. 50 ದಾಟುತ್ತದೆ. ಒಂದೇ ಊರು ಎಂದು ಒಂದೇ ಅಂಕಿ ಹಿಡಿದು ಹೋಗಬೇಡಿ.

2. ಬಿಲ್ ಗುಂಡಿಯ ಅಳತೆಗೆ, ಲಾರಿ ಸಡಿಲ ಮಣ್ಣಿಗೆ.
ಅಗೆತದ ಹಣ ಸಾಮಾನ್ಯವಾಗಿ ಟ್ರೆಂಚಿನ ಅಳತೆಯ ಮೇಲೆ ಬರುತ್ತದೆ. ಲಾರಿಯವರು ಎಣಿಸುವುದು ಯೂನಿಟ್ ಲೆಕ್ಕದಲ್ಲಿ. ಒಂದು ಯೂನಿಟ್ ಎಂದರೆ 100 ಘನ ಅಡಿ. ಮೂರು ಯೂನಿಟ್‌ನ ಟಿಪ್ಪರ್‌ನಲ್ಲಿ ಸುಮಾರು ಎಂಟೂವರೆ ಘನ ಮೀಟರ್ ಹಿಡಿಯುತ್ತದೆ. 150ಕ್ಕೆ 18 ಲೋಡ್ ಎಂದು ಬರೆದರೆ ಕೈ ಸುಟ್ಟುಕೊಂಡಂತೆ. ಶೇ. 30 ಹಿಗ್ಗಿದ ಮೇಲೆ ಅದು 195 ಘನ ಮೀಟರ್, 23 ಲೋಡ್.

3. ರಾಶಿಗೆ ಜಾಗ ಇದೆಯೇ, ಮೊದಲು ನೋಡಿ.
ಒಂದು ಮೀಟರ್ ಉದ್ದದ ಟ್ರೆಂಚಿನಿಂದ ಸುಮಾರು 2 ಘನ ಮೀಟರ್ ಸಡಿಲ ಮಣ್ಣು ಬರುತ್ತದೆ. ಅದನ್ನು ಪಕ್ಕದಲ್ಲೇ ಸುರಿದರೆ ರಾಶಿಯ ಬುಡವೇ ಸುಮಾರು ಮೂರೂವರೆ ಮೀಟರ್ ಹರಡುತ್ತದೆ. ಗುಂಡಿಯ ಅಂಚಿನಿಂದ ರಾಶಿಗೆ ಕನಿಷ್ಠ ಒಂದೂವರೆ ಮೀಟರ್ ಬಿಡಲೇಬೇಕು, ಇಲ್ಲದಿದ್ದರೆ ಭಾರಕ್ಕೆ ಗೋಡೆ ಒಳಗಿರುವವರ ಮೇಲೆ ಕುಸಿಯುತ್ತದೆ. ಟ್ರೆಂಚ್ ಸೇರಿ 6 ಮೀಟರ್ ಆಯಿತು. 20 ಅಡಿಯ ಗಲ್ಲಿ ಅಲ್ಲಿಗೇ ಮುಗಿಯಿತು, ಮನೆಯವರು ಹೊಸ್ತಿಲು ದಾಟುವ ಹಾಗಿಲ್ಲ.

4. 20 ಮೀಟರ್ ತೋಡಿ, ಹೂಳಿ, ಮುಂದೆ ಹೋಗಿ.
ಮೊದಲ 20 ಮೀಟರಿನ ಮಣ್ಣು, ಐದು ಲೋಡ್, ಬೇರೆಡೆ ಇಡಿ. ಎರಡನೇ ತುಂಡಿನ ಮಣ್ಣನ್ನು ನೇರ ಮೊದಲ ತುಂಡಿಗೆ ತುಂಬಿ, ಮೂರನೆಯದನ್ನು ಎರಡನೆಯದಕ್ಕೆ. ಇಟ್ಟ ಮಣ್ಣು ಕೊನೆಯ ತುಂಡಿಗೆ. ಈಶಾನ್ಯ ಮಾನ್ಸೂನಿಗೆ, ಅಂದರೆ ಅಕ್ಟೋಬರಿಗೆ, ಮೊದಲೇ ಮುಗಿಸಿ. ರಾಶಿಯಲ್ಲಿ ನೆನೆದ ಜೇಡಿ ಕೆಸರಾದರೆ ಎಷ್ಟು ದಮ್ಮಸು ಮಾಡಿದರೂ ಕೂರುವುದಿಲ್ಲ.

5. ಹೊರಹೋಗುವ ಲಾರಿ ಎಣಿಸಿ.
ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಇದೇ. 300 ಮಿಲಿಮೀಟರಿನ ಡಿಐ ಪೈಪು ಸುಮಾರು 8 ಘನ ಮೀಟರ್ ತಿನ್ನುತ್ತದೆ, ಕೆಳಗೆ ಹಾಸುವ 15 ಸೆಂಟಿಮೀಟರ್ ಮರಳು 15. ಉಳಿದ ಜಾಗ 127. ಇಲ್ಲಿ 15–20 ಸೆಂಟಿಮೀಟರ್ ಪದರಗಳಲ್ಲಿ ಹದವಾದ ತೇವದಲ್ಲಿ ಮಣ್ಣು ಹಾಕಿ, ಪ್ರತಿ ಪದರವನ್ನೂ ರ‍್ಯಾಮರ್‌ನಿಂದ ಬಡಿದು ಮೊದಲಿನಷ್ಟೇ ಗಟ್ಟಿ ಮಾಡಿದರೆ, ಹಿಗ್ಗಿದ 195ರಲ್ಲಿ 165 ಒಳಗೆ ಹೋಗುತ್ತದೆ. ಮಿಕ್ಕಿದ್ದು 30, ನಾಲ್ಕು ಲೋಡ್.

ಬಡಿಯದೆ ಜೆಸಿಬಿಯಿಂದ ತಳ್ಳಿ ಮುಚ್ಚಿದರೆ ಅದೇ ಜಾಗಕ್ಕೆ 127 ಸಡಿಲ ಮಣ್ಣು ಸಾಕು, ಹೊರಗೆ 68 ಉಳಿಯುತ್ತದೆ. ಎಂಟು ಲೋಡ್! ಮೇಲಿನಿಂದ ನೋಡಿದರೆ ಎರಡೂ ರಸ್ತೆ ಒಂದೇ ಸಮ. ಆದರೆ ಎರಡನೆಯದರ ಒಳಗೆ ಹಿಗ್ಗಿದ ಮಣ್ಣಿನ ಗಾಳಿ ಹಾಗೇ ಇದೆ. ಮಳೆಗೂ ವಾಹನಗಳ ಭಾರಕ್ಕೂ ಅದು ಪೂರಾ ಕೂತರೆ ಟ್ರೆಂಚಿನ ಉದ್ದಕ್ಕೂ ಸುಮಾರು 30 ಸೆಂಟಿಮೀಟರ್ ತಗ್ಗು. ಅರ್ಧ ಕೂತರೂ ಸ್ಕೂಟರ್ ಬೀಳಿಸಲು ಸಾಕು.

ಜೇಡಿಮಣ್ಣು ಮೊದಲಿನಷ್ಟು ಗಟ್ಟಿ ಆಗುವುದು ಕಷ್ಟ, ಹಾಗಾಗಿ ಐದು ಲೋಡ್ ಹೋದರೆ ಒಪ್ಪಿಕೊಳ್ಳಿ. ಹೊರಗಿನಿಂದ ಮರಳು ತಂದು ತುಂಬಿದ್ದರೆ ಅಷ್ಟನ್ನು ಲೆಕ್ಕದಲ್ಲಿ ಸೇರಿಸಿ. ಅದ್ಯಾವುದೂ ಇಲ್ಲದೆ ಏಳನೇ ಟಿಪ್ಪರ್ ಗಲ್ಲಿಗೆ ಬಂದು ನಿಂತಿತೆಂದರೆ, ಡಾಂಬರು ಹಾಕುವ ಮುಂಚೆಯೇ ಮುಚ್ಚಿದ್ದನ್ನು ಒಂದೆರಡು ಕಡೆ ಅಗೆಸಿ. ಸಲಿಕೆ ಸಲೀಸಾಗಿ ಇಳಿದರೆ ಪೂರ್ತಿ ತೆಗೆಸಿ ಮತ್ತೆ ಪದರ ಪದರವಾಗಿ ತುಂಬಿಸಿ.