ಮರಳಿನ ರಾಶಿಯ ಲೆಕ್ಕ: ಐಸೋಥರ್ಮಲ್, ಅಡಿಯಬ್ಯಾಟಿಕ್ ಪಾಠದಲ್ಲಿ ನಾನು ಕಲಿತದ್ದು

ಬೋಧನಾಭ್ಯಾಸದ ಎರಡನೆಯ ಸುತ್ತಿನಲ್ಲಿ ನನಗೆ ಪ್ರಥಮ ಪಿಯುಸಿ ಭೌತವಿಜ್ಞಾನದ ಉಷ್ಣಗತಿವಿಜ್ಞಾನ ಅಧ್ಯಾಯ ಬಂದಿತ್ತು. ಮೊದಲನೆಯ ನಿಯಮ, ಐಸೋಥರ್ಮಲ್ ಮತ್ತು ಅಡಿಯಬ್ಯಾಟಿಕ್ ಪ್ರಕ್ರಿಯೆಗಳು, ಅವುಗಳ ಮೇಲಿನ ಲೆಕ್ಕಗಳು, ಇಷ್ಟನ್ನು ಮೂರು ಅವಧಿಗಳಲ್ಲಿ ಮುಗಿಸಬೇಕಿತ್ತು. ಮೊದಲ ಅವಧಿ ಸಲೀಸಾಗಿ ನಡೆಯಿತೆಂದೇ ಭಾವಿಸಿದ್ದೆ. ಹಲಗೆಯನ್ನು ಎರಡು ಭಾಗ ಮಾಡಿ, ಎಡಗಡೆ ‘ಐಸೋಥರ್ಮಲ್: ತಾಪ ಸ್ಥಿರ, PV ಸ್ಥಿರ’ ಎಂದೂ ಬಲಗಡೆ ‘ಅಡಿಯಬ್ಯಾಟಿಕ್: ಉಷ್ಣ ವಿನಿಮಯ ಇಲ್ಲ, PV^γ ಸ್ಥಿರ’ ಎಂದೂ ಬರೆದೆ. ಮಕ್ಕಳು ಅಂದವಾಗಿ ಬರೆದುಕೊಂಡರು. ಪ್ರಶ್ನೆ ಕೇಳಿದರೆ ಉತ್ತರವೂ ಬಂತು.

ಎರಡನೆಯ ಅವಧಿಯಲ್ಲಿ ಎನ್‌ಸಿಇಆರ್‌ಟಿ ಪಠ್ಯಪುಸ್ತಕದ ಅಭ್ಯಾಸದಿಂದ ಒಂದು ಲೆಕ್ಕ ಕೊಟ್ಟೆ. ಚಲಿಸುವ ಪಿಸ್ಟನ್ ಇರುವ ಸಿಲಿಂಡರಿನಲ್ಲಿ ಪ್ರಮಾಣಿತ ತಾಪ ಮತ್ತು ಒತ್ತಡದಲ್ಲಿ 3 ಮೋಲ್ ಹೈಡ್ರೋಜನ್ ಇದೆ. ಗೋಡೆಗಳು ಉಷ್ಣ ನಿರೋಧಕ. ಪಿಸ್ಟನ್ ಮೇಲೆ ಮರಳಿನ ರಾಶಿ ಇರುವುದರಿಂದ ಅಲ್ಲಿಂದಲೂ ಉಷ್ಣ ದಾಟುವುದಿಲ್ಲ. ಅನಿಲದ ಗಾತ್ರವನ್ನು ಅರ್ಧಕ್ಕೆ ಇಳಿಸಿದರೆ ಒತ್ತಡ ಎಷ್ಟು ಪಟ್ಟು ಹೆಚ್ಚುತ್ತದೆ? ಬೆಂಚುಗಳ ನಡುವೆ ನಡೆಯುತ್ತಾ ನೋಡಿದರೆ ಅರ್ಧಕ್ಕಿಂತ ಹೆಚ್ಚು ನೋಟ್‌ಬುಕ್ಕುಗಳಲ್ಲಿ ಒಂದೇ ಉತ್ತರ: 2 ಪಟ್ಟು. ಸರಿಯುತ್ತರ 2.64.

ಲೆಕ್ಕದಲ್ಲಿ ‘ಅಡಿಯಬ್ಯಾಟಿಕ್’ ಎಂಬ ಪದವೇ ಇಲ್ಲ, ಅದಕ್ಕೇ ಗುರುತಿಸಲಿಲ್ಲ ಎಂದುಕೊಂಡು, “ಗೋಡೆ ನಿರೋಧಕ ಅಂತ ಇದೆಯಲ್ಲ, ಓದಲಿಲ್ಲವೇ?” ಎಂದು ಕೇಳಿದೆ. ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಓದಿದೆ ಮಿಸ್. ಬಿಸಿ ಹೊರಗೆ ಹೋಗಲ್ಲ, ಒಳಗೂ ಬರಲ್ಲ. ಹಾಗಾದ್ರೆ ಬಿಸಿ ಹಂಗೇ ಇರುತ್ತೆ ಅಲ್ವಾ? ಅದಕ್ಕೇ ಬಾಯ್ಲ್ ನಿಯಮ ಹಾಕಿದೆ” ಎಂದಳು. ಸುತ್ತಲಿದ್ದವರು ತಲೆಯಾಡಿಸಿದರು. ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಸೂತ್ರವನ್ನು ಮತ್ತೊಮ್ಮೆ ಹಲಗೆಯ ಮೇಲೆ ಬರೆದು 2.64 ಎಂದು ಮುಗಿಸಿದೆ. ಮಾರ್ಗದರ್ಶಿ ಪ್ರಾಧ್ಯಾಪಕರು ಅವಲೋಕನ ಪುಸ್ತಕದಲ್ಲಿ ಬರೆದದ್ದು ಇಷ್ಟೇ: “ವಿದ್ಯಾರ್ಥಿನಿ ಒಳ್ಳೆಯ ಕಾರಣ ಕೊಟ್ಟಳು. ಅದಕ್ಕೆ ಪಾಠದಲ್ಲಿ ಉತ್ತರ ಸಿಗಲಿಲ್ಲ.”

ತಪ್ಪಿನ ಬೇರು

ಆ ಸಂಜೆ ಹುಡುಗಿಯ ಮಾತನ್ನೇ ಬಿಡಿಸಿ ನೋಡಿದೆ. ‘ಬಿಸಿ ಹೋಗಲ್ಲ’ ಎಂಬಲ್ಲಿ ಬಿಸಿ ಎಂದರೆ ಉಷ್ಣ. ‘ಬಿಸಿ ಹಂಗೇ ಇರುತ್ತೆ’ ಎಂಬಲ್ಲಿ ಬಿಸಿ ಎಂದರೆ ತಾಪ. ಮನೆಮಾತಿನಲ್ಲಿ ಎರಡಕ್ಕೂ ಒಂದೇ ಪದ. ಮೊದಲ ವಾಕ್ಯದಿಂದ ಎರಡನೆಯದಕ್ಕೆ ಜಾರುವುದು ಅವಳಿಗೆ ಗೊತ್ತೇ ಆಗಿಲ್ಲ.

ಈ ಜಾರುವಿಕೆಗೆ ಪಠ್ಯಕ್ರಮವೂ ಒತ್ತಾಸೆ ಕೊಡುತ್ತದೆ. ಹಿಂದಿನ ಅಧ್ಯಾಯದಲ್ಲಿ ಮಕ್ಕಳು ಕಲಿತ ಸೂತ್ರ Q = mcΔT. ಅಲ್ಲಿ ಉಷ್ಣ ಕೊಟ್ಟರೆ ತಾಪ ಏರುತ್ತದೆ, ಕೊಡದಿದ್ದರೆ ಏರುವುದಿಲ್ಲ. ನೀರನ್ನು ಕಾಯಿಸುವಾಗ ಗಾತ್ರ ಹೆಚ್ಚು ಬದಲಾಗದ ಕಾರಣ ಕೆಲಸದ ಮಾತೇ ಬರುವುದಿಲ್ಲ. ಹೀಗಾಗಿ ಉಷ್ಣ ಮತ್ತು ತಾಪ ಒಂದಕ್ಕೊಂದು ಕಟ್ಟಿದ ಜೋಡಿ ಎತ್ತಿನಂತೆ ಮನಸ್ಸಿನಲ್ಲಿ ಕುಳಿತುಬಿಡುತ್ತವೆ. ಮೊದಲನೆಯ ನಿಯಮ ΔQ = ΔU + ΔW ಹೇಳುವುದು ಆ ಕಟ್ಟು ಬಿಚ್ಚಿದೆ ಎಂದೇ. ಆದರ್ಶ ಅನಿಲದ ತಾಪವನ್ನು ನಿರ್ಧರಿಸುವುದು U ಮಾತ್ರ. U ಬದಲಾಗಲು ಉಷ್ಣ ಒಂದು ದಾರಿ, ಕೆಲಸ ಇನ್ನೊಂದು ದಾರಿ. ನಾನು ಹಲಗೆಯನ್ನು ಎರಡು ಭಾಗ ಮಾಡಿದಾಗ ಈ ಎರಡನೆಯ ದಾರಿಯನ್ನು ತೋರಿಸಲೇ ಇಲ್ಲ. ಎರಡು ಹೆಸರು ಮತ್ತು ಎರಡು ಸೂತ್ರ ಮಾತ್ರ ಕೊಟ್ಟಿದ್ದೆ.

ಸೈಕಲ್ ಪಂಪು

ಮೂರನೆಯ ಅವಧಿಗೆ ಸೈಕಲ್ ಪಂಪು ತೆಗೆದುಕೊಂಡು ಹೋದೆ. ಟೈರಿಗೆ ಗಾಳಿ ಹೊಡೆಯುವಾಗ ಪಂಪಿನ ಕೆಳತುದಿ ಬಿಸಿಯಾಗುವುದು ಎಲ್ಲರಿಗೂ ಗೊತ್ತು. ಯಾಕೆಂದು ಕೇಳಿದರೆ ತಕ್ಷಣ ಬಂದ ಉತ್ತರ, “ಉಜ್ಜಾಟದಿಂದ ಮಿಸ್.” ಈ ಉತ್ತರವನ್ನು ನಿರೀಕ್ಷಿಸಿದ್ದರಿಂದ ಪ್ರಯೋಗವನ್ನು ಎರಡು ಸಲ ಮಾಡಿಸಿದೆ. ಮೊದಲು ಪಂಪಿನ ಬಾಯಿಯನ್ನು ತೆರೆದೇ ಬಿಟ್ಟು 30 ಸಲ ಹೊಡೆಸಿದೆ. ಕೆಳತುದಿ ಹೇಳಿಕೊಳ್ಳುವಷ್ಟು ಬಿಸಿಯಾಗಲಿಲ್ಲ. ಆಮೇಲೆ ಟೈರಿಗೆ ಜೋಡಿಸಿ ಅಷ್ಟೇ ಸಲ, ಅಷ್ಟೇ ವೇಗದಲ್ಲಿ ಹೊಡೆಸಿದೆ. ಮುಟ್ಟಿದವರು ಕೈ ಹಿಂದೆಗೆದರು. ವಾಷರ್ ಉಜ್ಜುವುದು ಎರಡೂ ಸಲ ಇತ್ತು. ಎರಡನೆಯ ಸಲ ಹೊಸದಾಗಿ ಸೇರಿದ್ದು ಗಾಳಿಯನ್ನು ಒತ್ತುವ ಕೆಲಸ. ಒತ್ತಡ ಹೆಚ್ಚಾದಾಗ ವಾಷರ್ ಇನ್ನಷ್ಟು ಬಿಗಿಯಾಗಿ ಉಜ್ಜುತ್ತದೆ, ಆದ್ದರಿಂದ ಘರ್ಷಣೆಯ ಪಾಲು ಏನೂ ಇಲ್ಲ ಎನ್ನುವಂತಿಲ್ಲ ಎಂಬುದನ್ನೂ ಹೇಳಿದೆ.

ಇಲ್ಲಿ ಯಾರೂ ಗಾಳಿಗೆ ಬೆಂಕಿ ತೋರಿಸಲಿಲ್ಲ. ತೋಳಿನ ಕೆಲಸವೇ ಗಾಳಿಯ ಆಂತರಿಕ ಶಕ್ತಿಯಾಯಿತು. ಒಂದು ಒತ್ತು ಎಷ್ಟು ಬೇಗ ಮುಗಿಯುತ್ತದೆಂದರೆ ಆ ಹೊತ್ತಿನಲ್ಲಿ ಲೋಹದ ಮೂಲಕ ಹೆಚ್ಚು ಉಷ್ಣ ಹೊರಗೆ ಹೋಗಲಾರದು. ಅದಕ್ಕೇ ಇದು ಅಡಿಯಬ್ಯಾಟಿಕ್‌ಗೆ ಹತ್ತಿರ. ಪೂರ್ತಿ ಅಡಿಯಬ್ಯಾಟಿಕ್ ಅಲ್ಲ ಎಂಬುದಕ್ಕೆ ನಮ್ಮ ಬೆರಳಿಗೆ ತಾಗಿದ ಬಿಸಿಯೇ ಸಾಕ್ಷಿ.

ಮೂರು ಮನೆಗಳ ಪಟ್ಟಿ

ನಂತರ ಮರಳಿನ ಲೆಕ್ಕಕ್ಕೆ ಮರಳಿದೆವು. ಈ ಸಲ ಸೂತ್ರಕ್ಕೆ ಕೈ ಹಾಕುವ ಮೊದಲು ಪ್ರತಿಯೊಬ್ಬರೂ ΔQ, ΔU, ΔW ಎಂಬ ಮೂರು ಮನೆ ಬರೆದು, ಪ್ರತಿ ಮನೆಯಲ್ಲಿ ಸೊನ್ನೆ, ಕೂಡು ಅಥವಾ ಕಳೆ ಚಿಹ್ನೆ ತುಂಬಬೇಕು ಎಂದೆ. ಸಂಖ್ಯೆ ಆಮೇಲೆ. ಗೋಡೆ ನಿರೋಧಕ, ಆದ್ದರಿಂದ ΔQ ಸೊನ್ನೆ. ಅನಿಲ ಕುಗ್ಗಿದೆ, ಕೆಲಸ ಮಾಡಿದ್ದು ಹೊರಗಿನವರು, ಆದ್ದರಿಂದ ΔW ಕಳೆ. ಉಳಿದ ಮನೆ ತಾನಾಗಿಯೇ ತುಂಬುತ್ತದೆ: ΔU ಕೂಡು. ಅಂದರೆ ತಾಪ ಏರಲೇಬೇಕು. ಇಷ್ಟಾದಾಗ ಅದೇ ಹುಡುಗಿ, “ಹಾಗಾದ್ರೆ ಬಾಯ್ಲ್ ನಿಯಮ ಬರಲ್ಲ” ಎಂದು ತಾನೇ ಹೇಳಿದಳು.

ತಾಪ ಎಷ್ಟು ಏರಿತು? TV^(γ−1) ಸ್ಥಿರ, ಹೈಡ್ರೋಜನ್ನಿಗೆ γ = 1.4. ಗಾತ್ರ ಅರ್ಧವಾದರೆ ತಾಪ 2^0.4 ಪಟ್ಟು ಆಗುತ್ತದೆ. ಲಾಗ್ ಕೋಷ್ಟಕದಲ್ಲಿ 0.3010 × 0.4 = 0.1204, ಅದರ ಆಂಟಿಲಾಗ್ 1.32. 273 K ಇದ್ದದ್ದು ಸುಮಾರು 360 K ಆಯಿತು, ಎಂದರೆ 0 °C ಇಂದ 87 °C. ಈಗ ಒತ್ತಡವನ್ನು PV = nRT ಇಂದಲೇ ಪಡೆಯಬಹುದು. ಗಾತ್ರ ಅರ್ಧವಾದದ್ದಕ್ಕೆ 2 ಪಟ್ಟು, ತಾಪ ಏರಿದ್ದಕ್ಕೆ 1.32 ಪಟ್ಟು. 2 × 1.32 = 2.64.

ಈ ಗುಣಾಕಾರವೇ ಇಡೀ ಪಾಠದಲ್ಲಿ ಹೆಚ್ಚು ಕೆಲಸ ಮಾಡಿತು. 2^1.4 ಎಂದು ನೇರವಾಗಿ ತೆಗೆದಾಗ 2.64 ಎಲ್ಲಿಂದಲೋ ಬಿದ್ದ ಸಂಖ್ಯೆಯಂತೆ ಕಾಣುತ್ತಿತ್ತು. ಬಿಡಿಸಿ ತೋರಿಸಿದಾಗ 2 ಎಂದು ಬರೆದವರಿಗೆ ತಮ್ಮ ಉತ್ತರದಲ್ಲಿ ಏನು ಬಿಟ್ಟುಹೋಗಿತ್ತು ಎಂಬುದು ಕಂಡಿತು. ಅವರ 2 ತಪ್ಪಾಗಿರಲಿಲ್ಲ, 1.32 ಸೇರಿರಲಿಲ್ಲ, ಅಷ್ಟೇ.

ಅದೇ ಅನಿಲವನ್ನು ಐಸೋಥರ್ಮಲ್ ಆಗಿ ಅರ್ಧಕ್ಕೆ ಇಳಿಸಿದರೇನು ಎಂದು ಎರಡೂ ಪಟ್ಟಿಗಳನ್ನು ಕೆಳಗೆ ಮೇಲೆ ಬರೆಸಿದೆ.

ಅಡಿಯಬ್ಯಾಟಿಕ್: ΔQ = 0, ΔU = +5.4 kJ, ΔW = −5.4 kJ
ಐಸೋಥರ್ಮಲ್: ΔQ = −4.7 kJ, ΔU = 0, ΔW = −4.7 kJ

ಮೊದಲ ಸಾಲಿನ ΔU ಬಂದದ್ದು nC_vΔT ಇಂದ: 3 × 20.8 × 87. ಎರಡನೆಯ ಸಾಲಿನ ಕೆಲಸ nRT ln(V₂/V₁) ಇಂದ: 3 × 8.31 × 273 × (−0.693). ಎರಡನೆಯ ಸಾಲಿನಲ್ಲಿ ತಾಪ ಬದಲಾಗಿಲ್ಲ, ಆದರೂ 4.7 kJ ಉಷ್ಣ ಹೊರಗೆ ಹೋಗಿದೆ. ಇದನ್ನು ನಂಬಲು ಕೆಲವರು ಹಿಂಜರಿದರು. ಕರಗುವ ಮಂಜುಗಡ್ಡೆಗೂ ಉಷ್ಣ ಹೋಗುತ್ತದೆ, ತಾಪ ಏರುವುದಿಲ್ಲ ಎಂದು ನೆನಪಿಸಿದೆ. ಆದರೆ ಈ ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸಬೇಕು. ಮಂಜುಗಡ್ಡೆಯಲ್ಲಿ ಉಷ್ಣ ಆಂತರಿಕ ಶಕ್ತಿಯನ್ನೇ ಹೆಚ್ಚಿಸುತ್ತದೆ. ಇಲ್ಲಿ ಕೆಲಸವಾಗಿ ಬಂದದ್ದು ಅಷ್ಟಕ್ಕಷ್ಟೇ ಉಷ್ಣವಾಗಿ ಹೊರಗೆ ಹೋಗುತ್ತದೆ.

ಚಿಹ್ನೆಯಲ್ಲಿ ಒಬ್ಬ ಹುಡುಗ ಎಡವಿದ. ವಿಚಾರಿಸಿದರೆ ಅವನು ರಸಾಯನವಿಜ್ಞಾನದ ನೋಟ್ಸಿನಿಂದ ΔU = q + w ಬಳಸಿದ್ದ. ಅಲ್ಲಿ w ಅನಿಲದ ಮೇಲೆ ನಡೆದ ಕೆಲಸ. ನಮ್ಮಲ್ಲಿ ΔW ಅನಿಲ ಮಾಡಿದ ಕೆಲಸ. ಎರಡೂ ಸರಿ, ಬೆರೆಸಬಾರದು. ಪಟ್ಟಿಯ ತಲೆಯಲ್ಲಿ ‘ΔW: ಅನಿಲ ಮಾಡಿದ್ದು’ ಎಂದು ಒಂದು ಸಾಲು ಬರೆಸಿದ ಮೇಲೆ ಆ ಗೊಂದಲ ನಿಂತಿತು.

ಮತ್ತೊಂದು ಲೆಕ್ಕ

ಕೊನೆಯ ಹತ್ತು ನಿಮಿಷಕ್ಕೆ ಅದೇ ಅಭ್ಯಾಸದ ಇನ್ನೊಂದು ಲೆಕ್ಕ ಕೊಟ್ಟೆ. ಸಮ ಗಾತ್ರದ ಎರಡು ಸಿಲಿಂಡರುಗಳು, ಒಂದರಲ್ಲಿ ಅನಿಲ, ಇನ್ನೊಂದರಲ್ಲಿ ನಿರ್ವಾತ, ಇಡೀ ವ್ಯವಸ್ಥೆ ನಿರೋಧಕ. ನಡುವಿನ ಕೊಳಾಯಿಯನ್ನು ಥಟ್ಟನೆ ತೆರೆದರೆ ಕೊನೆಯ ಒತ್ತಡ ಎಷ್ಟು? ಈಗ ತಾನೇ ಕಲಿತ ಹುಮ್ಮಸ್ಸಿನಲ್ಲಿ ಬಹಳ ಮಂದಿ PV^γ ಹಿಡಿದು 2.64 ರಿಂದ ಭಾಗಿಸತೊಡಗಿದರು. ಪಟ್ಟಿ ತುಂಬಿ ಎಂದೆ. ΔQ ಸೊನ್ನೆ. ΔW ಮನೆಯಲ್ಲಿ ಪೆನ್ನು ನಿಂತಿತು. ನಿರ್ವಾತದಲ್ಲಿ ತಳ್ಳಲು ಎದುರಿಗೆ ಏನೂ ಇಲ್ಲ, ಹಾಗಾಗಿ ಅದೂ ಸೊನ್ನೆ. ಅಲ್ಲಿಗೆ ΔU ಸೊನ್ನೆ, ತಾಪ ಅದೇ, ಒತ್ತಡ ಅರ್ಧ. ಅನಿಲ ನುಗ್ಗುವಾಗ ನಡುವೆ ಎಲ್ಲೂ ಸಮತೋಲ ಇಲ್ಲದ ಕಾರಣ PV^γ ಸೂತ್ರ ಇಲ್ಲಿ ಸಲ್ಲುವುದೇ ಇಲ್ಲ.

ಆಗ ನನಗೆ ಹೊಳೆದದ್ದನ್ನು ತರಗತಿಗೂ ಹೇಳಿದೆ. ‘ಬಿಸಿ ಹೋಗಲ್ಲ, ಆದ್ದರಿಂದ ಬಿಸಿ ಹಂಗೇ ಇರುತ್ತೆ’ ಎಂಬ ಹಿಂದಿನ ದಿನದ ಮಾತು ಈ ಲೆಕ್ಕದಲ್ಲಿ ಸರಿಯುತ್ತರ ಕೊಡುತ್ತದೆ, ಮರಳಿನ ಲೆಕ್ಕದಲ್ಲಿ ಕೊಡುವುದಿಲ್ಲ. ವ್ಯತ್ಯಾಸ ಇರುವುದು ΔW ಎಂಬ ಒಂದೇ ಮನೆಯಲ್ಲಿ. ಮುಂದಿನ ಸಲ ಈ ಪಾಠ ಸಿಕ್ಕರೆ ಎರಡು ಭಾಗದ ಹಲಗೆಯಿಂದ ಆರಂಭಿಸುವುದಿಲ್ಲ. ಈ ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು, ಮೂರು ಖಾಲಿ ಮನೆಗಳಿಂದಲೇ ಆರಂಭಿಸುತ್ತೇನೆ.