ನಾಳೆ ಪ್ರಾಕ್ಟಿಕಲ್, ಇವತ್ತು ಚಾಕು ಮಸೆಯಿರಿ

ಹೋಟೆಲ್ ಮ್ಯಾನೇಜ್‌ಮೆಂಟ್ ಓದುವ ನನ್ನ ತಂಗಿಯ ಮಗಳು ಪ್ರಾಕ್ಟಿಕಲ್‌ನ ಹಿಂದಿನ ರಾತ್ರಿ ಒಂಬತ್ತಾದರೂ ಕ್ಯಾರೆಟ್ ಹೆಚ್ಚುತ್ತಲೇ ಇದ್ದಳು. ಜೂಲಿಯೆನ್ ಎಂದರೆ ಬೆಂಕಿಕಡ್ಡಿಯ ಹಾಗೆ ಸುಮಾರು 3 ಮಿಲಿಮೀಟರ್ ದಪ್ಪ, 5 ಸೆಂಟಿಮೀಟರ್ ಉದ್ದ. ಇವಳದು ಒಂದು ತುದಿ ದಪ್ಪ, ಇನ್ನೊಂದು ಸಪೂರ. “ದೊಡ್ಡಮ್ಮಾ, ನನ್ನ ಕೈಯೇ ಸರಿಯಿಲ್ಲ” ಎಂದು ಅಳು ಬೇರೆ. ಅವಳ ಚಾಕು ಇಸಕೊಂಡು ಹಣ್ಣು ಟೊಮೆಟೊ ಮೇಲೆ ಮೆಲ್ಲಗೆ ಎಳೆದೆ. ಸಿಪ್ಪೆ ತಗ್ಗಿತು, ಸೀಳಲಿಲ್ಲ.

ನೀವೂ ಹೀಗೇ ತಾನೇ? ಕಿಲೋಗಟ್ಟಲೆ ತರಕಾರಿ ಹೆಚ್ಚುತ್ತೀರಿ, ಚಾಕು ಮಸೆಯುವುದಿಲ್ಲ. ಮೊಂಡು ಚಾಕುವಿಗೆ ಬಲ ಹಾಕಬೇಕಾಗುತ್ತದೆ, ಬಲ ಹಾಕಿದರೆ ಅಲಗು ಜಾರಿ ಬೆರಳಿಗೆ ಬರುತ್ತದೆ. ಸ್ಟೀಲ್ ಕಡ್ಡಿಗೆ ಉಜ್ಜಿದರೆ ಸಾಲದು, ಅದು ಬಾಗಿದ ಅಂಚನ್ನು ನೆಟ್ಟಗೆ ಮಾಡುತ್ತದೆ ಅಷ್ಟೇ. ಸಾಣೆಕಲ್ಲು ಒದ್ದೆ ಮಾಡಿ, ಚಾಕುವಿನ ಬೆನ್ನನ್ನು ಕಿರುಬೆರಳು ತೂರುವಷ್ಟು ಎತ್ತಿ ಹಿಡಿದು, ಆ ಕೋನ ತಪ್ಪದಂತೆ ಒಂದೇ ಮಗ್ಗುಲು ಮಸೆಯಿರಿ. ಎದುರು ಮಗ್ಗುಲಲ್ಲಿ ಬೆನ್ನಿನಿಂದ ಅಂಚಿನ ಕಡೆಗೆ ಹೆಬ್ಬೆರಳು ಸವರಿದಾಗ ಸಣ್ಣ ತರಿ ಸಿಕ್ಕರೆ ಆ ಬದಿ ಆಯಿತು. ಆಮೇಲೆ ಮಗುಚಿ. ಅಂಚಿನುದ್ದಕ್ಕೆ ಬೆರಳು ಎಳೆಯಬೇಡಿ! ಕೊನೆಗೆ ಚೆನ್ನಾಗಿ ತೊಳೆದು ಒರೆಸಿ.

ಅವಳೂ ಹೀಗೇ ಮಸೆದಳು. ಆಮೇಲೆ ಒಂದೇ ಒಂದು ಕ್ಯಾರೆಟ್ ಕೊಟ್ಟೆ. ಬೋರ್ಡಿನ ಕೆಳಗೆ ಒದ್ದೆ ಬಟ್ಟೆ ಹಾಸಿ, ಕ್ಯಾರೆಟ್ಟಿನ ಒಂದು ಬದಿಯನ್ನು ತೆಳ್ಳಗೆ ಕೊಯ್ದು ಚಪ್ಪಟೆ ಮಾಡಿ ಕೂರಿಸಿದಳು. ಉರುಳುವುದು ನಿಂತಿತು. ಬೆರಳ ತುದಿ ಒಳಕ್ಕೆ ಮಡಚಿ, ಗೆಣ್ಣಿಗೆ ಅಲಗು ತಾಗಿಸಿಕೊಂಡು ಹೋಳು ಮಾಡಿದಳು, ಎರಡೆರಡು ಹೋಳು ಪೇರಿಸಿ ಕಡ್ಡಿ ಮಾಡಿದಳು. ಎಲ್ಲವೂ ಒಂದೇ ಅಳತೆ. ಸಾಕು, ಚಾಕು ಎತ್ತಿಡು ಎಂದೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಮಾಡಿ ಕೈ ಸೋಲಿಸಿಕೊಂಡರೆ ಬೆಳಗ್ಗೆ ಏನು ಮಾಡುತ್ತೀರಿ?

ಉಳಿದ ಹೊತ್ತಿಗೆ ಕಾಗದ ಹಿಡಿಯಿರಿ. ಅವಳು ತರಕಾರಿ ಹೆಚ್ಚಿ, ವೈಟ್ ಸಾಸ್ ಮತ್ತು ಆಮ್ಲೆಟ್ ಮಾಡಬೇಕಿತ್ತು. ಮೊದಲು ಆಮ್ಲೆಟ್ ಮುಗಿಸಿಬಿಡುತ್ತೇನೆ ಎಂದಳು. ಆತುರಗಾರನಿಗೆ ಬುದ್ಧಿ ಮಟ್ಟ! ಎರಡು ನಿಮಿಷದ ಆಮ್ಲೆಟ್ ತಟ್ಟೆಯಲ್ಲಿ ಆರಿ ಕೂತರೆ ಯಾರು ಮಾರ್ಕ್ಸ್ ಕೊಡುತ್ತಾರೆ? ಬಡಿಸುವ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ. ಹನ್ನೆರಡಕ್ಕೆ ತಟ್ಟೆ ಕೊಡಬೇಕಾದರೆ ಆಮ್ಲೆಟ್ ಬಾಣಲೆಗೆ ಬೀಳುವುದು ಅದಕ್ಕೆ ಐದು ನಿಮಿಷ ಮುಂಚೆ. ಸಾಸ್‌ಗೆ ಹನ್ನೊಂದೂಕಾಲಿಗೇ ಒಲೆ ಹಚ್ಚಿ, ಹಸಿ ಮೈದಾ ವಾಸನೆ ಹೋಗಲು ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷವಾದರೂ ಬೇಕು. ಅರ್ಧ ಲೀಟರ್ ಹಾಲಿಗೆ ಬೆಣ್ಣೆ, ಮೈದಾ ತಲಾ 40 ಗ್ರಾಂ. ಹಾಲನ್ನು ಒಮ್ಮೆಲೇ ಸುರಿಯಬೇಡಿ, ಗಂಟು ಕಟ್ಟುತ್ತದೆ. ಸ್ವಲ್ಪಸ್ವಲ್ಪ ಹಾಕಿ, ಪ್ರತಿ ಸಲ ನಯವಾದ ಮೇಲೆಯೇ ಮುಂದಿನದು.

ಹೊಸದಾಗಿ ಮಸೆದ ಚಾಕು ಬೆಳಗ್ಗೆ ನಿಮ್ಮ ಅಂದಾಜಿಗಿಂತ ಬೇಗ ಇಳಿಯುತ್ತದೆ, ಮೊದಲ ಈರುಳ್ಳಿಯನ್ನು ನಿಧಾನವಾಗಿ ಹೆಚ್ಚಿ. ಬೆರಳು ಕುಯ್ದುಕೊಂಡರೆ ಬಚ್ಚಿಡಬೇಡಿ. ಮೇಷ್ಟ್ರಿಗೆ ಹೇಳಿ, ತೊಳೆದು, ಊಟದಲ್ಲಿ ಬಿದ್ದರೂ ಕಾಣುವ ನೀಲಿ ಪಟ್ಟಿ ಹಾಕಿ, ಮೇಲೆ ಕೈಗವಸು ತೊಟ್ಟು ಮುಂದುವರಿಯಿರಿ. ರಕ್ತ ತಾಗಿದ ತರಕಾರಿ ಎಷ್ಟೇ ಚೆನ್ನಾಗಿ ಹೆಚ್ಚಿದ್ದರೂ ಕಸದ ಬುಟ್ಟಿಗೆ ಹಾಕಿ, ಬೋರ್ಡನ್ನೂ ಚಾಕುವನ್ನೂ ತೊಳೆದು ಮತ್ತೆ ಶುರು ಮಾಡಿ.